ಜೋಪಾನಣ್ಣನ ಉಳಿಕೆ ಬಾಟಲಿ

ಹಾಲು ಪರೀಕ್ಷಿಸುವ ಕರಿ ತಟ್ಟೆಯ ಮೇಲೆ ಹಾಲಿನ ಮೊದಲ ಎರಡು ಎಳೆ ಬಿದ್ದವು. ಅದರಲ್ಲಿ ಒಡೆದ ಮೊಸರಿನಂಥ ಮೂರು ಚೂರುಗಳಿದ್ದವು.

ಜೋಪಾನಣ್ಣ ತಟ್ಟೆಯನ್ನು ಬಾಗಿಲ ಬೆಳಕಿಗೆ ಒಯ್ದು ನೋಡಿದ. ಒಳಗೆ ತಂದು ನೋಡಿದ. ತಟ್ಟೆಯನ್ನೇ ತೊಳೆದಿಲ್ಲವೇನೋ ಎಂದು ಉಜ್ಜಿ ತೊಳೆದು, ಒರೆಸಿ, ಮತ್ತೆ ಚುಕ್ಕಿಯ ಹಿಂದಿನ ಎಡ ಮೊಲೆಯಿಂದ ಎರಡು ಎಳೆ ಹಿಂಡಿದ. ಈ ಸಲ ಐದು ಚೂರು ಬಂದವು. ಚುಕ್ಕಿ ಕಾಲು ಎತ್ತಿ ಕೊಡವಿತು. ಅದು ಒದೆಯುವ ಹಸುವಲ್ಲ. ಅವನು ಅಂಗೈಯನ್ನು ಕೆಚ್ಚಲಿಗೆ ಒತ್ತಿ ಹಿಡಿದ. ಉಳಿದ ಮೂರು ಭಾಗ ಹದವಾಗಿದ್ದವು, ಆ ಒಂದು ಭಾಗ ಮಾತ್ರ ಬಿಸಿಲಿಗಿಟ್ಟ ಕಲ್ಲಿನಂತೆ ಬಿಸಿಯಾಗಿ ಗಟ್ಟಿಯಾಗಿತ್ತು.

ಅವನು ಕುಳಿತಲ್ಲೇ ಕುಳಿತುಬಿಟ್ಟ. ಕೆಚ್ಚಲು ಬಾವು ಅವನು ಕಾಣದ ರೋಗವೇನಲ್ಲ. ಆದರೆ ಹದಿನೆಂಟು ಹಸುಗಳ ಆ ಕೊಟ್ಟಿಗೆಯಲ್ಲಿ, ಅವನು ಕರೆಯುವ ಒಂಬತ್ತರ ಸಾಲಿನಲ್ಲಿ, ಒಂದು ತಿಂಗಳಲ್ಲಿ ಹಂಡಿ, ಬೂದಿ ಎಂಬ ಹಸುಗಳಾದ ಮೇಲೆ ಇದು ಮೂರನೆಯದು. ಅದೂ ಚುಕ್ಕಿ. ಮೂರು ವಾರದ ಹಿಂದೆ ಮೊದಲ ಸೂಲು ಈದ ಕಡಸು. ಹಣೆಯ ಮೇಲೆ ಬೆರಳಿನಿಂದ ಸುಣ್ಣ ಇಟ್ಟ ಹಾಗೆ ಒಂದು ಬಿಳಿ ಮಚ್ಚೆ. ಅದು ಕರುವಾಗಿದ್ದಾಗ ಬಾಟಲಿಯಲ್ಲಿ ಹಾಲು ಕುಡಿಸಿ ಬೆಳೆಸಿದವನು ಅವನೇ.

ಇನ್ನೊಂದು ವಿಷಯ ಅವನ ಎದೆಯಲ್ಲಿ ಮುಳ್ಳಿನಂತೆ ಆಡುತ್ತಿತ್ತು. ಚುಕ್ಕಿ ಮೊದಲು ಅವನ ಸಾಲಿನಲ್ಲಿ ಇರಲಿಲ್ಲ. ಹನ್ನೆರಡು ದಿನದ ಹಿಂದೆ ಅವನೇ ಹಟ ಹಿಡಿದು ಎದುರು ಸಾಲಿನಿಂದ ತನ್ನ ಸಾಲಿಗೆ ಕಟ್ಟಿಸಿಕೊಂಡಿದ್ದ. ಎದುರು ಸಾಲಿನವಳ ಕೈಯಲ್ಲಿ ಅದರ ಕೆಚ್ಚಲು ಕೆಡುತ್ತದೆ ಎಂಬುದು ಅವನ ಹೆದರಿಕೆ.

ಎದುರು ಸಾಲಿನವಳನ್ನು ಎಲ್ಲರೂ ಗಾಳಿ ಎಂದು ಕರೆಯುತ್ತಿದ್ದರು. ಬರುವುದೂ ಗಾಳಿ, ಹೋಗುವುದೂ ಗಾಳಿ, ಮಾತಂತೂ ಬಿರುಗಾಳಿ. ಅವನು ಒಂದು ಹಸು ಕರೆಯುವಷ್ಟರಲ್ಲಿ ಅವಳು ಒಂದೂವರೆ ಹಸು ಕರೆದು, ಮೂರು ಜನರ ಸುದ್ದಿ ಹೇಳಿ ಮುಗಿಸುತ್ತಿದ್ದಳು.

"ಏನಣ್ಣಾ, ತಟ್ಟೇಲಿ ಮುಖ ನೋಡ್ಕೋತಿದೀರಾ?" ಎಂದು ಅವಳು ಆಚೆಯಿಂದ ಕೇಳಿದಳು.

ಅವನು ತಟ್ಟೆಯನ್ನು ಬದಿಗಿಟ್ಟ. ಎದ್ದು ನೇರವಾಗಿ ಒಡತಿಯ ಮನೆಯ ಬಾಗಿಲಿಗೆ ಹೋದ.

*

ಜೋಪಾನಣ್ಣ ಎಂಬುದು ಅವನ ಹೆಸರಲ್ಲ. ಹಾಲಿನ ಕ್ಯಾನು ಎತ್ತುವವನಿಗೆ "ಜೋಪಾನ", ಹುಲ್ಲಿನ ಗಾಡಿ ತಿರುಗಿಸುವವನಿಗೆ "ಜೋಪಾನ", ಕೊನೆಗೆ ಸೀನುವವನಿಗೂ "ಜೋಪಾನ" ಎನ್ನುತ್ತಿದ್ದನಾದ್ದರಿಂದ ಆ ಮಾತೇ ಅವನಿಗೆ ಅಂಟಿಕೊಂಡಿತು. ಹೆಂಡತಿ ಕೂಡ ಸಿಟ್ಟು ಬಂದಾಗ ಹಾಗೇ ಕರೆಯುತ್ತಿದ್ದಳು.

ಅವನಿಗೆ ಏಳು ವರ್ಷವಾಗಿದ್ದಾಗ ಮನೆಯಲ್ಲಿ ಇದ್ದದ್ದು ಒಂದೇ ಹಸು. ಅದರ ಕೆಚ್ಚಲು ಬಾತು, ಕಲ್ಲಾಗಿ, ಒಂದೊಂದೇ ಮೊಲೆ ಬತ್ತಿತು. ತಾಯಿ ಕೊನೆಯ ದಿನ ಚೊಂಬು ಹಿಡಿದು ಅರ್ಧ ಗಂಟೆ ಕುಳಿತು, ಚೊಂಬಿನ ತಳ ಮುಚ್ಚುವಷ್ಟು ಹಾಲನ್ನು ತಂದಳು. ಅದನ್ನು ಚಿಕ್ಕ ತಂಗಿಯ ಲೋಟಕ್ಕೆ ಬಗ್ಗಿಸಿ, ಚೊಂಬನ್ನು ಬೋರಲು ಹಿಡಿದು ಕೊನೆಯ ಹನಿ ಬೀಳುವ ತನಕ ಕಾದಳು. ಆ ಹನಿ ಬೀಳಲು ಎಷ್ಟು ಹೊತ್ತು ಹಿಡಿಯಿತು ಎಂಬುದು ಅವನಿಗೆ ಇಂದಿಗೂ ನೆನಪಿದೆ. ಅಂದಿನಿಂದ ಎರಡು ಸಂಗತಿ ಅವನೊಳಗೆ ಇಳಿದವು. ತನ್ನ ಕೈಗೆ ಬಂದ ಹಸುವಿನ ಕೆಚ್ಚಲು ಕೆಡಬಾರದು. ಮತ್ತೆ, ಯಾವುದರ ಒಂದು ಹನಿಯೂ ಹಾಳಾಗಬಾರದು.

ಈ ಕೊಟ್ಟಿಗೆಗೆ ಅವನು ಸಗಣಿ ಬಾಚಲು ಸೇರಿದ. ಆಮೇಲೆ ಹುಲ್ಲು ಹಾಕಿದ, ಆಮೇಲೆ ಹಾಲು ಕರೆದ. ಹನ್ನೊಂದು ವರ್ಷದ ಹಿಂದೆ ಆಗಿನ ಹಳೆಯ ಪಶುವೈದ್ಯರು ಅವನನ್ನು ಪಕ್ಕಕ್ಕೆ ಕರೆದು ಹೇಳಿಕೊಟ್ಟರು: "ನೋಡಪ್ಪಾ, ಹಾಲು ಕರೆದ ಮೇಲೆ ಮೊಲೆ ತುದಿಯ ತೂತು ತಕ್ಷಣ ಮುಚ್ಚಲ್ಲ. ಅರ್ಧ ಗಂಟೆ ಬಾಯಿ ತೆಗೆದುಕೊಂಡಿರುತ್ತೆ. ರೋಗ ನುಗ್ಗೋದು ಆಗಲೇ. ಕರೆದ ಕೂಡಲೇ ಮೊಲೆಯನ್ನು ಔಷಧಿಯಲ್ಲಿ ಅದ್ದಿಬಿಡು."

ಅಂದಿನಿಂದ ಅವನು ಒಂದು ಹೊತ್ತೂ ತಪ್ಪಿಸಿರಲಿಲ್ಲ. ಕೊನೆಯ ಎಳೆ ಮುಗಿದ ಕೂಡಲೇ ಬಟ್ಟಲನ್ನು ಕೆಳಗಿನಿಂದ ತಂದು, ಒಂದೊಂದು ಮೊಲೆಯನ್ನೂ ಬುಡದವರೆಗೆ ಮುಳುಗಿಸುತ್ತಿದ್ದ. ತುದಿಯಲ್ಲಿ ಒಂದು ಹನಿ ಜೋತುಬಿದ್ದಿದೆಯೇ ಎಂದು ಬಗ್ಗಿ ನೋಡುತ್ತಿದ್ದ. ಅದನ್ನು ಒರೆಸುತ್ತಿರಲಿಲ್ಲ. ಹಸು ಮಲಗಿ ಮೊಲೆಯನ್ನು ಕೊಚ್ಚೆಗೆ ತಾಗಿಸಬಾರದೆಂದು ಕೂಡಲೇ ಮುಂದೆ ಹಸಿ ಹುಲ್ಲು ಹಾಕಿ ನಿಲ್ಲಿಸುತ್ತಿದ್ದ. ಮುಂದಿನ ಹೊತ್ತು ಕರೆಯುವ ಮೊದಲು ಹಳೆಯ ಔಷಧಿ ಹಾಲಿಗೆ ಇಳಿಯದಂತೆ ಮೊಲೆಯನ್ನು ಚೊಕ್ಕಟ ಮಾಡಿ, ಒಣ ಬಟ್ಟೆಯಿಂದ ಒರೆಸುತ್ತಿದ್ದ. ಒಂದು ಹಸುವಿಗೆ ಒಂದು ಬಟ್ಟೆ. ಅಕ್ಕಪಕ್ಕದ ಕೊಟ್ಟಿಗೆಯವರು ಬಂದು ನೋಡಿ ಕಲಿತುಹೋಗಿದ್ದರು. ಹನ್ನೊಂದು ವರ್ಷದಲ್ಲಿ ಅವನ ಸಾಲಿನಲ್ಲಿ ಒಂದೇ ಒಂದು ಮೊಲೆಯೂ ಸತ್ತಿರಲಿಲ್ಲ. ಆ ಮಾತನ್ನು ಅವನು ಯಾರ ಮುಂದೆಯೂ ಹೇಳಿಕೊಳ್ಳುತ್ತಿರಲಿಲ್ಲ, ಆದರೆ ಯಾರಾದರೂ ಹೇಳಿದರೆ ತಡೆಯುತ್ತಲೂ ಇರಲಿಲ್ಲ.

ಗಾಳಿ ಅದ್ದುವ ರೀತಿ ನೋಡಿದರೆ ಅವನಿಗೆ ಹೊಟ್ಟೆ ಉರಿಯುತ್ತಿತ್ತು. ಅವಳು ಬಟ್ಟಲನ್ನು ಮೊಲೆ ತುದಿಗೆ ಹೀಗೆ ತಾಗಿಸಿ ಹಾಗೆ ತೆಗೆಯುತ್ತಿದ್ದಳು. ಅದಕ್ಕಿಂತ ಹೊಟ್ಟೆ ಉರಿಯುತ್ತಿದ್ದುದು ಕೊನೆಯಲ್ಲಿ. ಒಂಬತ್ತು ಹಸು ಮುಗಿದ ಮೇಲೆ ಬಟ್ಟಲಿನಲ್ಲಿ ಉಳಿದ ಅಷ್ಟನ್ನೂ ಅವಳು ಹೊರಗಿನ ಗುಂಡಿಗೆ ಸುರಿದು, ಬಟ್ಟಲನ್ನು ತೊಳೆದು, ಗೂಟಕ್ಕೆ ಬೋರಲು ಹಾಕಿ ಹೊರಟುಬಿಡುತ್ತಿದ್ದಳು.

"ಹನಿ ಹನಿ ಕೂಡಿದ್ರೆ ಹಳ್ಳ, ತಂಗಿ. ನೀನು ಹಳ್ಳಾನೇ ಗುಂಡಿಗೆ ಸುರೀತೀಯ" ಎನ್ನುತ್ತಿದ್ದ.

"ಹೂನಣ್ಣಾ, ಒಂಬತ್ತು ಹಸು ಮೊಲೆ ತೊಳೆದ ನೀರು ಅದು. ನೀವು ಬೇಕಾದ್ರೆ ಕುಡೀರಿ" ಎಂದು ಅವಳು ನಗುತ್ತಿದ್ದಳು.

ಅವನದು ಬೇರೆ ದಾರಿ. ಬಟ್ಟಲಿನಲ್ಲಿ ಉಳಿದದ್ದನ್ನು ಒಂದು ಅಗಲ ಬಾಯಿಯ ಬಾಟಲಿಗೆ ಬಗ್ಗಿಸಿ, ಬಟ್ಟಲನ್ನು ಬೋರಲು ಹಿಡಿದು ಕೊನೆಯ ಹನಿಯವರೆಗೆ ಕಾದು, ಮುಚ್ಚಳ ಬಿಗಿದು ಗೂಡಿನಲ್ಲಿಡುತ್ತಿದ್ದ. ಮಾರನೆಯ ಹೊತ್ತಿಗೆ ಅದೇ ಬಾಟಲಿಗೆ ಸ್ವಲ್ಪ ಹೊಸ ಔಷಧಿ, ಸ್ವಲ್ಪ ನೀರು. ಬಾಟಲಿ ಎಂದೂ ಖಾಲಿಯಾಗುತ್ತಿರಲಿಲ್ಲ. ಕೊಟ್ಟಿಗೆಯಲ್ಲಿ ಅದಕ್ಕೆ ಉಳಿಕೆ ಬಾಟಲಿ ಎಂದೇ ಹೆಸರು.

*

ಒಡತಿ ಬೆಳಗಿನ ಕಾಫಿ ಲೋಟ ಹಿಡಿದೇ ಹೊರಗೆ ಬಂದರು. ಗಂಡ ತೀರಿಕೊಂಡ ಮೇಲೆ ಆ ಕೊಟ್ಟಿಗೆಯನ್ನು ಒಬ್ಬರೇ ನಡೆಸುತ್ತಿದ್ದ ಹೆಂಗಸು, ಮಾತು ಕಡಿಮೆ.

"ಚುಕ್ಕಿಗೂ ಬಂತು, ಅಮ್ಮಾವ್ರೇ" ಎಂದ ಜೋಪಾನಣ್ಣ.

ಅವರು ಲೋಟವನ್ನು ಕಟ್ಟೆಯ ಮೇಲಿಟ್ಟರು. "ಚುಕ್ಕಿಗಾ? ನಿಮ್ಮ ಸಾಲಿಗೆ ಬಂದ್ಮೇಲಾ?"

"ಬಂದ್ಮೇಲೆ. ಆದ್ರೆ ಬೀಜ ಬಿದ್ದಿದ್ದು ಅಲ್ಲಿದ್ದಾಗಲೇ. ಆ ಹುಡುಗಿ ಅದ್ದೋದನ್ನ ನೀವೇ ನೋಡಿದೀರಲ್ಲ. ಕೈ ತೊಳ್ಯೋದೂ ಅಷ್ಟಕ್ಕಷ್ಟೇ. ಅವಳು ಹುಲ್ಲು ತರೋಕೆ ನನ್ನ ಸಾಲಲ್ಲೇ ಓಡಾಡ್ತಾಳೆ. ಹಂಡಿಗೂ ಬೂದಿಗೂ ಹಾಗೇ ಹಬ್ಬಿರಬೇಕು."

ಹೇಳುವಾಗ ಅವನಿಗೆ ಒಂದಿಷ್ಟೂ ಅನುಮಾನವಿರಲಿಲ್ಲ.

ಒಡತಿ ಕೊಟ್ಟಿಗೆಗೆ ನಡೆದರು. ಗಾಳಿಯನ್ನು ಕರೆದು, "ಇವತ್ತಿನಿಂದ ನೀನು ಕರೆಯೋದು ಬೇಡ. ಡಾಕ್ಟ್ರು ಮಧ್ಯಾಹ್ನ ಬರ್ತಾರೆ. ಅವರು ಏನಂತಾರೋ ನೋಡೋಣ. ಅಲ್ಲೀವರೆಗೆ ಹುಲ್ಲು ಕತ್ತರಿಸು" ಎಂದರು.

ಗಾಳಿ ಕೈಯಲ್ಲಿದ್ದ ಬಟ್ಟಲನ್ನು ಗೂಟಕ್ಕೆ ಹಾಕಿದಳು. ಒಡತಿ ಒಳಗೆ ಹೋದ ಮೇಲೆ ಅವಳು ಸೆರಗಿಗೆ ಕೈ ಒರೆಸಿಕೊಳ್ಳುತ್ತ ಹೇಳಿದಳು:

"ಎತ್ತು ಈಯ್ತು ಅಂದ್ರೆ ಕೊಟ್ಟಿಗೇಲಿ ಕಟ್ಟು ಅಂತಾರಲ್ಲ, ಹಾಗಾಯ್ತು. ನನ್ನ ಸಾಲಲ್ಲಿ ಒಂದು ಹಸುಗೂ ಏನೂ ಆಗಿಲ್ಲ ಅಣ್ಣಾ. ಅದನ್ನ ಹೇಳಿದ್ರಾ ಅಮ್ಮಾವ್ರಿಗೆ?"

ಅವನು ಹೇಳಿರಲಿಲ್ಲ. ಅದು ಅವನಿಗೆ ಹೊಳೆದೇ ಇರಲಿಲ್ಲ.

*

ಹಳೆಯ ವೈದ್ಯರು ನಿವೃತ್ತರಾಗಿದ್ದರು. ಈಗ ಬರುವವರು ಒಬ್ಬ ಡಾಕ್ಟರಮ್ಮ. ಗಿಡ್ಡಗಿದ್ದರು, ರಬ್ಬರ್ ಬೂಟು ಹಾಕಿಕೊಂಡು ನೇರವಾಗಿ ಕೊಚ್ಚೆಗೆ ಇಳಿಯುತ್ತಿದ್ದರು. ಚುಕ್ಕಿಗೆ ಜ್ವರ ನೋಡಿ, ಸೂಜಿ ಕೊಟ್ಟು, ಆ ಮೊಲೆಯ ಹಾಲನ್ನು ಸಣ್ಣ ಶೀಶೆಗೆ ಹಿಡಿದುಕೊಂಡರು. ಆಮೇಲೆ ಚೀಲದಿಂದ ನಾಲ್ಕು ಗುಳಿಗಳಿರುವ ಒಂದು ತಟ್ಟೆ ತೆಗೆದರು.

"ಎಲ್ಲಾ ಹಸೂನೂ ನೋಡೋಣ. ಹದಿನೆಂಟೂ" ಎಂದರು.

ಒಂದೊಂದು ಮೊಲೆಯ ಹಾಲು ಒಂದೊಂದು ಗುಳಿಗೆ. ಅಷ್ಟೇ ಪ್ರಮಾಣದ ನೀಲಿ ದ್ರವ. ತಟ್ಟೆಯನ್ನು ಮೆಲ್ಲಗೆ ತಿರುಗಿಸಿದರೆ, ಒಳ್ಳೆಯ ಹಾಲು ನೀರಿನಂತೆಯೇ ಹರಿದಾಡುತ್ತದೆ. ಕೆಚ್ಚಲೊಳಗೆ ಬಾವು ಇದ್ದರೆ, ಹೊರಗೆ ಏನೂ ಕಾಣದಿದ್ದರೂ, ಗಂಜಿಯಂತೆ ಗಟ್ಟಿಯಾಗುತ್ತದೆ.

ಗಾಳಿಯ ಸಾಲಿನಿಂದ ಶುರುವಾಯಿತು. ಜೋಪಾನಣ್ಣ ಪಕ್ಕದಲ್ಲೇ ನಿಂತು, ಈಗ ಗಟ್ಟಿಯಾಗುತ್ತದೆ, ಇದರಲ್ಲಿ ಆಗುತ್ತದೆ ಎಂದು ನೋಡುತ್ತಿದ್ದ. ಮೊದಲನೆಯದು ನೀರು. ಎರಡನೆಯದು ನೀರು. ಒಂಬತ್ತರಲ್ಲಿ ಎಂಟು ಚೊಕ್ಕ. ಒಂದು ಮುದಿ ಹಸುವಿನ ಒಂದು ಮೊಲೆ ಮಾತ್ರ ಸ್ವಲ್ಪ ಲೋಳೆ. ಅದು ಎರಡು ವರ್ಷದ ಹಳೆಯ ಕಥೆ, ಎಲ್ಲರಿಗೂ ಗೊತ್ತಿದ್ದದ್ದು.

ಅವನ ಸಾಲಿಗೆ ಬಂದರು. ಹಂಡಿ, ಬೂದಿ, ಚುಕ್ಕಿ, ಈ ಮೂರೂ ಗೊತ್ತಿದ್ದವೇ. ಆದರೆ ನಾಲ್ಕನೆಯ ಹಸುವಿನ ಎರಡು ಗುಳಿ ಗಂಜಿಯಾದವು. ಆರನೆಯದರಲ್ಲಿ ಒಂದು. ಎಂಟನೆಯದರಲ್ಲಿ ದ್ರವ ಎಷ್ಟು ಗಟ್ಟಿಯಾಯಿತೆಂದರೆ, ತಟ್ಟೆ ಓರೆ ಮಾಡಿದರೆ ಮುದ್ದೆಯಾಗಿ ಜಾರಿತು. ಒಂಬತ್ತರಲ್ಲಿ ಆರು.

ಹುಲ್ಲು ಕತ್ತರಿಸುವ ಯಂತ್ರದ ಸದ್ದು ನಿಂತಿತ್ತು. ಗಾಳಿ ಅಲ್ಲಿಂದಲೇ ನೋಡುತ್ತಿದ್ದಳು. ಜೋಪಾನಣ್ಣನಿಗೆ ತಟ್ಟೆಯನ್ನು ಅದಲುಬದಲು ಮಾಡಿದಿರೇನೋ ಎಂದು ಕೇಳಬೇಕೆನ್ನಿಸಿತು.

"ಅದ್ದೋದು ಹೇಗೆ, ಮಾಡಿ ತೋರಿಸ್ತೀರಾ?" ಎಂದರು ಡಾಕ್ಟರಮ್ಮ.

ಅವನು ತೋರಿಸಿದ. ಬಟ್ಟಲು ಕೆಳಗಿನಿಂದಲೇ ಬಂತು, ಮೊಲೆ ಬುಡದವರೆಗೆ ಮುಳುಗಿತು. ಡಾಕ್ಟರಮ್ಮ ತಲೆದೂಗಿದರು. ಗಾಳಿಯನ್ನೂ ಕರೆದು ಮಾಡಿಸಿದರು. "ಇದೇನಮ್ಮಾ, ಮೊಲೆ ತುದಿಗೆ ಮುತ್ತು ಕೊಟ್ಟ ಹಾಗೆ? ಪೂರ್ತಿ ಅದ್ದಬೇಕು. ಇವರನ್ನ ನೋಡಿ ಕಲಿ" ಎಂದರು.

ಜೋಪಾನಣ್ಣನಿಗೆ ಒಂದು ಉಸಿರು ಮರಳಿ ಬಂತು. ಬಂದಷ್ಟೇ ಬೇಗ ಹೋಯಿತು. ಏಕೆಂದರೆ ಡಾಕ್ಟರಮ್ಮ ಎರಡೂ ಬಟ್ಟಲುಗಳನ್ನು ಕಟ್ಟೆಯ ಮೇಲೆ ಅಕ್ಕಪಕ್ಕ ಇಟ್ಟಿದ್ದರು. ಗಾಳಿಯ ಬಟ್ಟಲಲ್ಲಿದ್ದ ಔಷಧಿ ಕಡು ಕಂದು, ಹಳೆಯ ಬೆಲ್ಲದ ಬಣ್ಣ. ಅವನ ಬಟ್ಟಲಲ್ಲಿದ್ದದ್ದು ಕೊನೆಯ ಲೋಟದ ಚಹಾದ ಬಣ್ಣ, ತಳದಲ್ಲಿ ಬೂದಿಯಂಥ ಗಸಿ.

"ಎರಡೂ ಒಂದೇ ಕ್ಯಾನಿಂದಾ?"

"ಒಂದೇ. ನಾನು ಹದ ಮಾಡ್ಕೋತೀನಿ ಡಾಕ್ಟ್ರೇ. ಒಂದಕ್ಕೆ ಮೂರು ನೀರು. ಉಳಿದದ್ದನ್ನ ಚೆಲ್ಲಲ್ಲ" ಎಂದು ಅವನು ಗೂಡಿನಿಂದ ಉಳಿಕೆ ಬಾಟಲಿಯನ್ನು ತಂದು ಕೊಟ್ಟ. ಆ ಗಳಿಗೆಯಲ್ಲೂ ಅದನ್ನು ಎರಡೂ ಕೈಯಲ್ಲಿ ಹಿಡಿದು, ತುಳುಕದಂತೆ ಕೊಟ್ಟ.

ಡಾಕ್ಟರಮ್ಮ ಮುಚ್ಚಳ ತೆಗೆದು ಮೂಸಿದರು. ಅವರ ಮುಖ ಬದಲಾಯಿತು. "ಕ್ಯಾನ್ ತನ್ನಿ. ಅದರ ಮೇಲೆ ಏನು ಬರೆದಿದೆ, ಓದಿ."

ಅವನಿಗೆ ಓದಲು ಬರುತ್ತಿತ್ತು, ಅಕ್ಷರಕ್ಕೆ ಬೆರಳಿಟ್ಟು, ನಿಧಾನವಾಗಿ. ಹಸುವಿನ ಚಿತ್ರದ ಕೆಳಗಿನ ಸಣ್ಣ ಅಕ್ಷರಗಳನ್ನು ಅವನು ಎಂದೂ ಓದಿರಲಿಲ್ಲ. ಚಿತ್ರ ಹಳೆಯ ಔಷಧಿಯ ಮೇಲೂ ಇತ್ತು, ಬಣ್ಣವೂ ಅದೇ ಇತ್ತು.

"ಹಾಲು... ಕರೆದ... ನಂತರ... ನೇರವಾಗಿ ಬಳಸಿ. ನೀರು..."

ಅವನು ನಿಲ್ಲಿಸಿದ. ಕ್ಯಾನನ್ನು ಹತ್ತಿರ ತಂದುಕೊಂಡು ಮತ್ತೆ ಅದೇ ಅಕ್ಷರಗಳ ಮೇಲೆ ಬೆರಳು ಆಡಿಸಿದ.

"ನೀರು ಬೆರೆಸಬೇಡಿ. ಉಳಿದದ್ದನ್ನು ಮತ್ತೆ ಬಳಸಬೇಡಿ."

ಒಡತಿ ಕ್ಯಾನನ್ನು ಅವನ ಕೈಯಿಂದ ತೆಗೆದುಕೊಂಡು ತಾವೂ ಓದಿದರು.

"ಮೊದಲು ಬರ್ತಿದ್ದದ್ದು ಗಟ್ಟಿ ಔಷಧಿ, ನೀರು ಬೆರೆಸಲೇಬೇಕಾಗಿತ್ತು" ಎಂದರು ಡಾಕ್ಟರಮ್ಮ. "ಇದು ಹಾಗಲ್ಲ, ಬಳಸೋ ಹದಕ್ಕೇ ಮಾಡಿ ಕೊಡ್ತಾರೆ. ನೂರಕ್ಕೆ ಅರ್ಧ ಪಾಲು ಅಯೋಡಿನ್, ಚರ್ಮ ಒಡೀದೆ ಇರೋಕೆ ಗ್ಲಿಸರಿನ್. ನೀವು ಮೂರು ಪಟ್ಟು ನೀರು ಹಾಕಿದ್ರೆ ಅರ್ಧದಲ್ಲಿ ಕಾಲು ಭಾಗ ಉಳೀತು. ಅದರ ಮೇಲೆ ಹಾಲು, ಸಗಣಿ ಸೇರಿದ್ರೆ ಆ ಕಾಲು ಭಾಗದ ಶಕ್ತಿಯೂ ಸತ್ತುಹೋಗುತ್ತೆ. ನೀರು ಯಾವುದು?"

"ಮೊದಲು ಕುದಿಸಿ ಆರಿಸ್ತಿದ್ದೆ. ಇಲ್ಲಿನ ಒಲೆ ಕೆಟ್ಟ ಮೇಲೆ ಟ್ಯಾಂಕಿಂದು."

"ಎಷ್ಟು ದಿನದಿಂದ?"

"ಎರಡು ತಿಂಗಳಾಯ್ತು. ಹೊಸ ಕ್ಯಾನ್ ಬಂದಾಗಿಂದ."

ಅವರು ಬಾಟಲಿಯಿಂದ ಒಂದು ಶೀಶೆ, ಟ್ಯಾಂಕಿನ ನಲ್ಲಿಯಿಂದ ಒಂದು ಶೀಶೆ, ಗಾಳಿಯ ಬಟ್ಟಲಿನಿಂದ ಒಂದು ಶೀಶೆ ತುಂಬಿಕೊಂಡರು. ಪ್ರಯೋಗಾಲಯದಿಂದ ಉತ್ತರ ಬರಲು ನಾಲ್ಕು ದಿನ ಎಂದರು. ಅಷ್ಟರವರೆಗೆ ಒಬ್ಬರೂ ಉಳಿಕೆ ಬಾಟಲಿ ಮುಟ್ಟಬಾರದು, ಟ್ಯಾಂಕಿನ ನೀರನ್ನು ಮೊಲೆಗೆ ತಾಗಿಸಬಾರದು, ಕ್ಯಾನಿನ ಔಷಧಿಯನ್ನು ಇದ್ದ ಹಾಗೇ ಹೊತ್ತು ಹೊತ್ತಿಗೂ ತೊಳೆದು ಒಣಗಿಸಿದ ಬಟ್ಟಲಿಗೆ ಹೊಸದಾಗಿ ಬಗ್ಗಿಸಬೇಕು, ರೋಗದ ಹಸುಗಳನ್ನು ಕೊನೆಗೆ ಕರೆದು ಆ ಹಾಲನ್ನು ಬೇರೆ ಮಾಡಿ ಚೆಲ್ಲಬೇಕು.

ಅವರು ಹೋದ ಮೇಲೆ ಗಾಳಿ ಮೆಲ್ಲಗೆ ಹೇಳಿದಳು: "ನಾನು ಹೇಳಿದ್ದೆ ಅಣ್ಣಾ. ಕ್ಯಾನ್ ತಂದ ದಿನವೇ. ನೀರು ಬೇಡ್ವಂತೆ, ಅಂಗಡಿಯೋರು ಹೇಳಿದ್ರು ಅಂತ."

ಅವನಿಗೆ ನೆನಪಾಯಿತು. ಅವಳು ಕ್ಯಾನನ್ನು ಸೊಂಟದ ಮೇಲಿಟ್ಟುಕೊಂಡು ಬಾಗಿಲಲ್ಲಿ ನಿಂತು ಹೇಳಿದ್ದು. ತಾನು ತಿರುಗಿಯೂ ನೋಡದೆ ಕೊಟ್ಟ ಉತ್ತರವೂ ನೆನಪಾಯಿತು. "ಸೋಮಾರಿಗೆ ಒಂದು ಚೊಂಬು ನೀರು ತರೋದೂ ಭಾರ."

*

ಉತ್ತರ ಬರುವ ತನಕ ಒಡತಿ ಗಾಳಿಯನ್ನು ಹುಲ್ಲಿನ ಕೆಲಸದಲ್ಲೇ ಇಟ್ಟಿದ್ದರು. ಆ ನಾಲ್ಕು ದಿನ ಜೋಪಾನಣ್ಣ ಮನೆಯಲ್ಲಿ ಸರಿಯಾಗಿ ಊಟ ಮಾಡಲಿಲ್ಲ. ಹೆಂಡತಿ ತಟ್ಟೆ ಮುಂದಿಟ್ಟು ಕುಳಿತಳು.

"ಊಟ ಬಿಟ್ರೆ ಹಸುಗೆ ವಾಸಿಯಾಗುತ್ತಾ?"

"ಚುಕ್ಕೀನ ನಾನೇ ಎಳ್ಕೊಂಡು ಬಂದೆ ಕಣೇ. ಅಲ್ಲೇ ಬಿಟ್ಟಿದ್ರೆ ಚೆನ್ನಾಗಿರ್ತಿತ್ತು."

"ಬೇಕು ಅಂತ ಮಾಡಿದ್ರಾ?"

"ಬೇಕು ಅಂತ ಮಾಡೋರು ಒಂದು ದಿನ ಮರೆತಾರು. ನಾನು ಒಂದು ಹೊತ್ತೂ ಮರೀಲಿಲ್ಲ. ಹೊತ್ತು ಹೊತ್ತಿಗೂ ಬುಡದವರೆಗೂ ಅದ್ದಿದೀನಿ."

ಹೆಂಡತಿ ತಟ್ಟೆಗೆ ಇನ್ನೊಂದು ಸೌಟು ಸಾರು ಹಾಕಿ ಎದ್ದುಹೋದಳು.

ಐದನೆಯ ದಿನ ಡಾಕ್ಟರಮ್ಮ ಕಾಗದ ತಂದರು. ಚುಕ್ಕಿಯ ಹಾಲಿನಲ್ಲಿದ್ದ ಜೀವಿಯೇ ಉಳಿಕೆ ಬಾಟಲಿಯಲ್ಲಿತ್ತು. ಅದೇ ಟ್ಯಾಂಕಿನ ನೀರಿನಲ್ಲೂ ಇತ್ತು. ಗಾಳಿಯ ಬಟ್ಟಲಿನಲ್ಲಿ ಇರಲಿಲ್ಲ.

"ಇದು ನೀರಲ್ಲಿ ಬದುಕೋ ಜೀವಿ. ಬಾಟಲೀಲಿ ಔಷಧಿ ಸಾಯ್ತು, ಇದು ಬೆಳೀತು. ದಿನಕ್ಕೆರಡು ಸಲ, ತೂತು ಬಾಯಿ ತೆಗೆದಿರೋ ಹೊತ್ತಿಗೇ, ಒಂಬತ್ತು ಹಸುಗೂ..." ಅವರು ಕಾಗದ ಮಡಚಿದರು. ಆಮೇಲೆ ಹೇಳಿದರು: "ನಿಮ್ಮ ಕೈಯಲ್ಲಿ ತಪ್ಪಿಲ್ಲ ಅಣ್ಣಾ. ನೀವು ಅದ್ದೋ ಹಾಗೆ ಅದ್ದೋರನ್ನ ನಾನು ನೋಡಿಲ್ಲ. ಯಾವುದ್ರಲ್ಲಿ ಅದ್ದಿದ್ರಿ ಅನ್ನೋದ್ರಲ್ಲಿ ತಪ್ಪಾಯ್ತು."

ಬೇಲಿಯೇ ಎದ್ದು ಹೊಲ ಮೇಯುವುದು ಎಂಬ ಮಾತನ್ನು ಅವನು ಎಷ್ಟೋ ಸಲ ಬೇರೆಯವರ ಬಗ್ಗೆ ಆಡಿದ್ದ. ತಾನು ಆ ಬೇಲಿಯಾಗಿದ್ದೆ ಎಂಬುದು ತಲೆಗೆ ಇಳಿಯಲು ಬಹಳ ಹೊತ್ತು ಬೇಕಾಯಿತು. ಗಾಳಿ ಅರ್ಧಂಬರ್ಧ ಅದ್ದಿದ್ದರಿಂದ ಆದ ನಷ್ಟ ಸ್ವಲ್ಪ. ತಾನು ಪೂರ್ತಿ ಅದ್ದಿದ್ದರಿಂದಲೇ ಆದದ್ದು ಇದು. ಮೊಲೆಯ ಚರ್ಮ ಒರಟಾಗಿ ಬಿರಿಯುತ್ತಿದೆ ಎಂದು ಅವನು ಗಮನಿಸಿದ್ದ ಕೂಡ. ಔಷಧಿ ಖಾರವಾಯಿತೇನೋ ಎಂದುಕೊಂಡು ಇನ್ನಷ್ಟು ನೀರು ಬೆರೆಸಿದ್ದ.

"ಚುಕ್ಕಿ?" ಎಂದು ಕೇಳಿದ.

"ಜೀವಕ್ಕೆ ಅಪಾಯ ದಾಟ್ತು. ಆ ಮೊಲೆ ಉಳಿಯೋದು ಕಷ್ಟ. ಈ ಜೀವಿ ಔಷಧಿಗೆ ಸುಲಭವಾಗಿ ಬಗ್ಗಲ್ಲ. ಒಂದು ಮಾತು ನೆನಪಿಡಿ, ಒಳಗೆ ಸೇರಿರೋ ರೋಗವನ್ನ ಅದ್ದೋದ್ರಿಂದ ವಾಸಿ ಮಾಡೋಕಾಗಲ್ಲ. ಹೊಸದು ಸೇರೋದನ್ನ ತಡೀಬಹುದು, ಅಷ್ಟೇ."

ಡಾಕ್ಟರಮ್ಮ ಹೊರಟಾಗ ಒಡತಿ ಗೇಟಿನವರೆಗೆ ಹೋಗಿ ಬಂದರು. ಜೋಪಾನಣ್ಣ ಅಂಗಳದ ನಡುವೆ ನಿಂತಿದ್ದ. ಗಾಳಿ ಹುಲ್ಲಿನ ರಾಶಿಯ ಪಕ್ಕದಲ್ಲಿದ್ದಳು. ಅವನು ಇಬ್ಬರಿಗೂ ಕೇಳಿಸುವಷ್ಟು ಗಟ್ಟಿಯಾಗಿ ಹೇಳಿದ:

"ಅಮ್ಮಾವ್ರೇ, ಅವತ್ತು ನಾನು ಹೇಳಿದ್ದು ಸುಳ್ಳು. ಬೇಕಂತ ಹೇಳಿದ ಸುಳ್ಳಲ್ಲ, ಆದ್ರೂ ಸುಳ್ಳೇ. ರೋಗ ಹಬ್ಬಿಸಿದ್ದು ನನ್ನ ಬಾಟಲಿ. ಈ ಹುಡುಗಿ ನನಗೆ ಮೊದಲೇ ಹೇಳಿದ್ಲು, ನಾನು ಕಿವಿಗೆ ಹಾಕ್ಕೊಳ್ಳಲಿಲ್ಲ. ಅವಳ ಸಾಲು ಅವಳಿಗೆ ಕೊಡಿ. ನನ್ನದೂ ಅವಳೇ ಕರೀಲಿ. ನಾನು ಸಗಣಿ ಬಾಚ್ತೀನಿ. ಬಂದಾಗ ಅದನ್ನೇ ಮಾಡ್ತಿದ್ದೆ."

ಒಡತಿ ಗಾಳಿಯ ಕಡೆ ನೋಡಿದರು.

"ಹದಿನೆಂಟು ಹಸು ನಾನೊಬ್ಬಳೇ ಕರೀಬೇಕಾ?" ಎಂದಳು ಗಾಳಿ. "ತಪ್ಪು ಮಾಡಿದೋರು ನೀವು, ಬೆನ್ನು ಮುರ್ಕೊಳ್ಳೋಳು ನಾನಾ? ಚೆನ್ನಾಗಿದೆ ನ್ಯಾಯ." ಆಮೇಲೆ ದನಿ ತಗ್ಗಿಸಿ, "ನನಗೆ ಪೂರ್ತಿ ಅದ್ದೋದು ಬರಲ್ಲ ಅಂತ ಡಾಕ್ಟ್ರು ಹೇಳಲಿಲ್ವಾ? ಅದನ್ನ ಯಾರು ಕಲಿಸ್ತಾರೆ?" ಎಂದಳು.

ಒಡತಿ ಒಳಗೆ ಹೋಗುತ್ತ ಹೇಳಿದರು, "ಸಂಜೆ ಕರೆಯೋ ಹೊತ್ತಾಯ್ತು. ಇಬ್ಬರೂ ಹೊರಡಿ. ಇನ್ಮೇಲೆ ಅಂಗಡಿಯಿಂದ ಏನು ಬಂದ್ರೂ, ಮೊದಲು ಮೇಲಿರೋದನ್ನ ಓದಬೇಕು. ಮೊಲೆಗೆ ಹಾಕೋದೇ ಹೌದಾ, ನೀರು ಬೇಕಾ ಬೇಡವಾ, ತಾರೀಕು ಮುಗಿದಿದೆಯಾ. ಜೋರಾಗಿ ಓದಿ, ನನಗೂ ಕೇಳಿಸ್ಲಿ."

*

ಉಳಿಕೆ ಬಾಟಲಿಯನ್ನು ಚೆಲ್ಲುವ ಕೆಲಸ ಉಳಿದಿತ್ತು. ಜೋಪಾನಣ್ಣ ಅದನ್ನು ಹೊರಗಿನ ಗುಂಡಿಯ ಬಳಿ ಒಯ್ದ. ಮುಚ್ಚಳ ತೆಗೆದ. ಕೈ ಓರೆಯಾಗಲೊಲ್ಲದು. ಆ ನೀರು ಚುಕ್ಕಿಯ ಕೆಚ್ಚಲನ್ನು ತಿಂದಿತ್ತು ಎಂದು ಗೊತ್ತಿದ್ದೂ, ಬೆರಳುಗಳು ಬಾಟಲಿಯನ್ನು ನೇರವಾಗಿಯೇ ಹಿಡಿದಿದ್ದವು. ನಲವತ್ತು ವರ್ಷ ಮೀರಿದ ಅಭ್ಯಾಸ ಅದು. ಅವನಿಗೆ ತನ್ನ ಕೈಯನ್ನು ನೋಡಿಯೇ ಭಯವಾಯಿತು.

ಹಿಂದೆ ಬಂದು ನಿಂತಿದ್ದ ಗಾಳಿ, "ಚೆಲ್ಲೋದು ನನಗೆ ಚೆನ್ನಾಗಿ ಬರುತ್ತೆ, ಕೊಡಿ" ಎಂದಳು.

"ಬೇಡ. ನಾನೇ."

ಬಾಟಲಿ ಬಗ್ಗಿತು. ಚಹಾದ ಬಣ್ಣದ ನೀರು ಗುಳುಗುಳು ಎಂದು ಗುಂಡಿಗೆ ಇಳಿಯಿತು. ಕೊನೆಗೆ ಬೂದಿ ಬಣ್ಣದ ಲೋಳೆ, ಮೂಗಿನ ಸಿಂಬಳದಂತೆ, ತುಂಡು ತುಂಡಾಗಿ ಬಿತ್ತು. ಇಬ್ಬರೂ ಮುಖ ತಿರುಗಿಸಿದರು. ಬಾಟಲಿಯನ್ನು ಅವನು ಕಲ್ಲಿಗೆ ಅಪ್ಪಳಿಸಿ ಒಡೆದು ಹೂತುಹಾಕಿದ.

ಒಂದು ವಾರದಲ್ಲಿ ಟ್ಯಾಂಕ್ ಉಜ್ಜಿ ತೊಳೆದು ಶುದ್ಧಿ ಮಾಡಿದರು. ಹೊಸ ಒಲೆಯೂ ಬಂತು. ಮೂರು ವಾರದ ಮೇಲೆ ಡಾಕ್ಟರಮ್ಮ ಮತ್ತೆ ಹದಿನೆಂಟೂ ಹಸುವಿನ ಹಾಲು ತಿರುಗಿಸಿ ನೋಡಿದರು. ಹೊಸದಾಗಿ ಒಂದೂ ಗಟ್ಟಿಯಾಗಲಿಲ್ಲ. ಹಂಡಿಯೂ ನಾಲ್ಕನೆಯದೂ ಸುಧಾರಿಸಿದ್ದವು. ಬೂದಿಯದು, ಆರನೆಯದು, ಎಂಟನೆಯದು ಇನ್ನೂ ಲೋಳೆ. ಚುಕ್ಕಿಯ ಹಿಂದಿನ ಎಡ ಮೊಲೆ ಬತ್ತಿ, ಆ ಭಾಗ ಚಿಕ್ಕದಾಗಿ, ಕೆಚ್ಚಲು ಒಂದು ಕಡೆಗೆ ಓರೆಯಾಗಿತ್ತು.

ಆ ಸಂಜೆ ಅವನು ಚುಕ್ಕಿಯನ್ನು ಎಲ್ಲಕ್ಕಿಂತ ಕೊನೆಗೆ ಕರೆದ. ಮೂರು ಮೊಲೆಯ ಹಾಲು. ಬಟ್ಟಲು ಕೆಳಗಿನಿಂದ ಬಂತು. ಒಂದು, ಎರಡು, ಮೂರು, ಬುಡದವರೆಗೆ. ನಾಲ್ಕನೆಯದನ್ನೂ ಅದ್ದಿದ. ತುದಿಯಲ್ಲಿ ಕಂದು ಹನಿ ಜೋತುಬಿದ್ದದ್ದನ್ನು ಬಗ್ಗಿ ನೋಡಿ, ಚುಕ್ಕಿಯ ಮುಂದೆ ಹುಲ್ಲು ಹಾಕಿದ. ಅದು ತಲೆ ತಗ್ಗಿಸಿ ಮೇಯತೊಡಗಿತು.

ಎದುರು ಸಾಲಿನಿಂದ ಗಾಳಿ ಕೂಗಿದಳು, "ಅಣ್ಣಾ, ನೋಡಿ, ಬುಡದವರೆಗೂ ಬಂತಾ?"

ಅವನು ಹೋಗಿ ಬಗ್ಗಿ ನೋಡಿದ. "ಬಂತು."

ಆಮೇಲೆ ಬಟ್ಟಲು ಹಿಡಿದು ಹೊರಗೆ ಗುಂಡಿಯ ಹತ್ತಿರ ನಿಂತ. ಬಟ್ಟಲಲ್ಲಿ ಇನ್ನೂ ಎರಡು ಹಸುವಿಗೆ ಆಗುವಷ್ಟು ಔಷಧಿ ಇತ್ತು. ಕಣ್ಣು ಮುಚ್ಚಿಕೊಂಡು ಸುರಿದ. ಬಟ್ಟಲನ್ನು ಬೋರಲು ಹಿಡಿದು, ಕೊನೆಯ ಹನಿ ಬೀಳುವ ತನಕ ಕಾದ.